ಪಾಳಿ ಬದಲಾದ ದಿನ

ಜಗಳೂರಿನ ಹೊರಗೆ, ದಾವಣಗೆರೆ ರಸ್ತೆಯಲ್ಲಿ ಮೆಕ್ಕೆಜೋಳದಿಂದ ದನದ ಹಿಂಡಿ ಮಾಡುವ ಕಾರ್ಖಾನೆಯೊಂದಿತ್ತು. ಮಾಲತೇಶ ಅಲ್ಲಿ ಪಾಳಿ ಮೇಸ್ತ್ರಿ. ಹೊನ್ನಾಳಿ ಕಡೆಯವನು, ಮೂವತ್ತಾರು ವರ್ಷ. ಯಾರು ಬೆಳಿಗ್ಗೆ ಆರರ ಪಾಳಿ, ಯಾರು ಮಧ್ಯಾಹ್ನ ಎರಡರ ಪಾಳಿ, ಯಾರು ರಾತ್ರಿ ಹತ್ತರ ಪಾಳಿ ಎಂದು ವಾರವಾರವೂ ಪಟ್ಟಿ ಮಾಡುವುದು ಅವನ ಕೆಲಸ.

ಅವನ ಹೆಂಡತಿ ಸುಧಾ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಥೈರಾಯ್ಡ್ ಇತ್ತು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಗುಳಿಗೆ ನುಂಗಬೇಕು. ಆದರೆ ನೈಟ್ ಡ್ಯೂಟಿ ಇದ್ದ ವಾರ ಅವಳು ಏಳುತ್ತಿದ್ದದ್ದೇ ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಆರಕ್ಕೆ ಅಲಾರಾಂ ಇಟ್ಟರೆ ಅದು ವಾರ್ಡಿನಲ್ಲಿ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಕೊನೆಗೆ ಜೊತೆಯ ನರ್ಸ್ ಕಾವ್ಯಶ್ರೀ ಮೊಬೈಲಿಗೆ ಒಂದು ಆಪ್ ಹಾಕಿಕೊಟ್ಟಳು. ಅದರಲ್ಲಿ ಗಂಟೆ ಬರೆಯುವಂತಿಲ್ಲ. 'ಎದ್ದ ಕೂಡಲೇ', 'ಪಾಳಿಗೆ ಎರಡು ಗಂಟೆ ಮೊದಲು', 'ಪಾಳಿಯ ಊಟದ ಬಿಡುವಿಗೆ ಮೊದಲು' ಎಂದು ಬರೆಯಬೇಕು. ಡ್ಯೂಟಿ ಪಟ್ಟಿ ಒಂದನ್ನು ತುಂಬಿದರೆ ಸಾಕು, ಪಾಳಿ ತಿರುಗಿದ ಹಾಗೆ ನೆನಪಿನ ಗಂಟೆಯೂ ತಿರುಗುತ್ತಿತ್ತು.

"ನಿಮ್ಮ ಕಾರ್ಖಾನೇಲೂ ಸಕ್ಕರೆ ಕಾಯಿಲೆಯವರು, ಬಿಪಿಯವರು ಅದಾರಲ್ಲ, ಅವರಿಗೂ ಇದನ್ನ ಹಾಕಿಕೊಡ್ರಿ," ಎಂದಳು ಸುಧಾ ಒಂದು ದಿನ. "ಪಟ್ಟಿ ಹೆಂಗೂ ನೀವೇ ಮಾಡ್ತೀರಿ. ಒಂದು ಕಡೆ ತುಂಬಿದ್ರೆ ಎಲ್ಲರ ಫೋನಿಗೂ ಹೋಗ್ತದೆ."

ಮಾಲತೇಶ ಹನ್ನೊಂದು ಜನರ ಫೋನಿಗೆ ಹಾಕಿಕೊಟ್ಟ. ಅವರಲ್ಲಿ ಅಂಜಿನಪ್ಪನೂ ಒಬ್ಬ. ಐವತ್ತೆರಡು ವರ್ಷದ ಆಳು, ಚೀಲ ಹೊಲಿಯುವ ಮಷಿನ್ ಹತ್ತಿರ ಕೆಲಸ. ದಿನದ ಮೊದಲ ಹೊಟ್ಟೆತುಂಬ ಊಟಕ್ಕೆ ಸ್ವಲ್ಪ ಮುಂಚೆ ಸಕ್ಕರೆ ಗುಳಿಗೆ ಒಂದು ನುಂಗಬೇಕೆಂದು ಡಾಕ್ಟರು ಅವನಿಗೆ ಹೇಳಿದ್ದರು. ಬೆಳಗಿನ ಪಾಳಿ ಇದ್ದರೆ ಒಂಬತ್ತೂವರೆಯ ಬಿಡುವಿನಲ್ಲಿ ಅವನ ಊಟ, ಒಂಬತ್ತಕ್ಕೆ ಫೋನು ಕೂಗುತ್ತಿತ್ತು. ಮಧ್ಯಾಹ್ನದ ಪಾಳಿಯಾದರೆ ಮನೆಯಲ್ಲೇ ಉಂಡು ಹೊರಡುತ್ತಿದ್ದ, ಆಗ ಹನ್ನೆರಡಕ್ಕೆ. ಅಂಜಿನಪ್ಪನಿಗೆ ಓದು ಅಷ್ಟಕ್ಕಷ್ಟೆ, ಆದ್ದರಿಂದ ಸುಧಾ ತನ್ನ ದನಿಯಲ್ಲೇ ಹೇಳಿ ತುಂಬಿಸಿದ್ದಳು: "ಅಂಜಿನಪ್ನೋರೆ, ಗುಳಿಗೆ ತಗೊಳ್ರಿ, ಊಟ ಮಾಡ್ರಿ." ಅವನಿಗೆ ಅದರ ಮೇಲೆ ಬಹಳ ಭರವಸೆ. "ಯಾವ ವಾರ ಯಾವ ಪಾಳಿ ಅಂತ ನನಗೆ ಮರೆತ್ರೂ ಅಕ್ಕನ ಫೋನು ಮರೆಯಂಗಿಲ್ಲ," ಎನ್ನುತ್ತಿದ್ದ.

ಅದೊಂದು ಬುಧವಾರ. ಬೆಳಗಿನ ಪಾಳಿಯ ಇಬ್ಬರು ಬರುವುದಿಲ್ಲ ಎಂದು ಹಿಂದಿನ ಸಂಜೆ ತಿಳಿಯಿತು. ಬುಧವಾರ ಮಧ್ಯಾಹ್ನ ಎರಡರೊಳಗೆ ಒಂದು ಲಾರಿ ತುಂಬಿ ಕಳಿಸಬೇಕಿತ್ತು. ಮಾಲತೇಶ ಅಂಜಿನಪ್ಪನಿಗೆ ಫೋನು ಮಾಡಿದ.

"ನಾಳೆ ನಿಮ್ಮದು ಮಧ್ಯಾಹ್ನದ ಪಾಳಿ ಐತಲ್ಲ, ಅದನ್ನ ಬಿಟ್ಟು ಬೆಳಿಗ್ಗೆ ಆರಕ್ಕೇ ಬರ್ರಿ."

"ಆಗ್ಲಿ ಸಾರ್, ಬರ್ತೀನಿ."

ಆಪಿನ ಪಟ್ಟಿಯಲ್ಲಿ ಆ ಬದಲಾವಣೆ ತುಂಬಬೇಕಿತ್ತು. ಒಂದು ನಿಮಿಷದ ಕೆಲಸ. ಮಾಲತೇಶ ಆಮೇಲೆ ಮಾಡಿದರಾಯಿತು ಎಂದುಕೊಂಡ, ಊಟ ಮಾಡಿದ, ಮಲಗಿದ.

ಬುಧವಾರ ಒಂಬತ್ತಕ್ಕೆ ಅಂಜಿನಪ್ಪನ ಫೋನು ಕೂಗಲಿಲ್ಲ. ಅದರ ಲೆಕ್ಕದಲ್ಲಿ ಅವನು ಇನ್ನೂ ಮನೆಯಲ್ಲಿದ್ದ. ಅವನೂ ಕೂಗಿದಾಗ ತಗೊಂಡರಾಯಿತೆಂದು, ಅವಸರದಲ್ಲಿ ತಂದಿದ್ದ ಎರಡು ರೊಟ್ಟಿ ತಿಂದು ಮತ್ತೆ ಚೀಲ ಹೊಲಿಯಲು ನಿಂತ. ಹನ್ನೆರಡಕ್ಕೆ ಸರಿಯಾಗಿ ಜೇಬಿನಿಂದ ಸುಧಾಳ ದನಿ ಬಂತು. ಅಂಜಿನಪ್ಪ ಗುಳಿಗೆ ನುಂಗಿ ನೀರು ಕುಡಿದ. ಬುತ್ತಿ ಡಬ್ಬಿ ಖಾಲಿ ಇತ್ತು. ಹನ್ನೆರಡೂವರೆಗೆ ಮಾಲತೇಶನ ಹತ್ತಿರ ಬಂದ.

"ಸಾರ್, ಒಂದತ್ತು ನಿಮಿಷ ಬಿಡ್ರಿ. ಗೇಟಿನ ಹೊರಗೆ ಏನಾರ ತಿಂದು ಬರ್ತೀನಿ."

"ಲಾರಿ ಹೋಗ್ಲಿ ಅಂಜಿನಪ್ಪ. ಇನ್ನೊಂದು ತಾಸು. ಆಮೇಲೆ ಮನೆಗೇ ಹೋಗ್ತೀರಲ್ಲ."

ಅಂಜಿನಪ್ಪ ಮಷಿನ್ ಹತ್ತಿರ ಹಿಂದಿರುಗಿದ.

ಒಂದೂವರೆ ಹೊತ್ತಿಗೆ ಅವನು ಹೊಲಿದ ಚೀಲಗಳ ಬಾಯಿ ಸೊಟ್ಟಗಾಗತೊಡಗಿತು. ಎರಡು ಚೀಲ ಬಿಚ್ಚಿಕೊಂಡು ಹಿಂಡಿ ನೆಲಕ್ಕೆ ಚೆಲ್ಲಿತು. ಮಾಲತೇಶ ಹೋಗಿ ನೋಡಿದರೆ ಅಂಜಿನಪ್ಪನ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಏನು ಎಂದು ಕೇಳಿದರೆ ಮಾತು ತೊದಲಿತು. ಎರಡು ಹೆಜ್ಜೆ ಇಟ್ಟವನು ವಾಲಿ ಕಂಬ ಹಿಡಿದುಕೊಂಡ. ಲಾರಿ ಡ್ರೈವರ್ ನಕ್ಕ.

ಮಾಲತೇಶನಿಗೆ ರೇಗಿತು. ಎಂದೂ ಬಹುವಚನ ಬಿಡದವನು ಅಂದು ಬಿಟ್ಟ.

"ಕುಡ್ದು ಬಂದಿದ್ದೀಯಾ? ಮಷಿನ್ ಮುಂದೆ ನಿಂತ್ಕೊಂಡು ಕುಡ್ದು ಸಾಯ್ತೀಯಾ? ನಡಿ ಆಚೆ!"

ಇಪ್ಪತ್ತು ಜನ ಕೇಳಿದರು. ಅಂಜಿನಪ್ಪ ಏನೋ ಹೇಳಲು ಬಾಯಿ ತೆರೆದ, ನಾಲಿಗೆ ಹೊರಳಲಿಲ್ಲ. ಮಾಲತೇಶ ಅವನ ರಟ್ಟೆ ಹಿಡಿದು ಗೇಟಿನ ತನಕ ತಂದು ಬಿಟ್ಟು, ಒಳಗೆ ಹೋಗಿ ಹಾಜರಿ ಪುಸ್ತಕದಲ್ಲಿ 'ಕುಡಿದು ಕೆಲಸಕ್ಕೆ ಬಂದದ್ದು' ಎಂದು ಬರೆದು ಸಹಿ ಹಾಕಿದ.

ಗೇಟಿನ ಕಾವಲುಗಾರ ಮಾರಪ್ಪ ಅಂಜಿನಪ್ಪನ ಬಾಯಿ ಹತ್ತಿರ ಮೂಗು ತಂದ. ವಾಸನೆ ಇರಲಿಲ್ಲ. ಅವನ ತಾಯಿಗೂ ಸಕ್ಕರೆ ಕಾಯಿಲೆ ಇತ್ತು, ಹೀಗೇ ಬೆವರಿದ್ದನ್ನು ಅವನು ಕಂಡಿದ್ದ. ತನ್ನ ಚಹಾಕ್ಕಿಟ್ಟಿದ್ದ ಸಕ್ಕರೆಯನ್ನೆಲ್ಲ ಲೋಟದ ನೀರಿಗೆ ಸುರಿದು, ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿ, ಆಟೋ ಕರೆದು ಆಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ಅಂದು ಸುಧಾಳದ್ದೇ ಡ್ಯೂಟಿ. ಬೆರಳು ಚುಚ್ಚಿ ನೋಡಿದಳು. ಮಾರಪ್ಪ ಸಕ್ಕರೆ ನೀರು ಕುಡಿಸಿದ ಮೇಲೂ ರಕ್ತದ ಸಕ್ಕರೆ ಐವತ್ತೊಂದೇ ಇತ್ತು, ಎಪ್ಪತ್ತರ ಮೇಲಿರಬೇಕಿತ್ತು. ಡಾಕ್ಟರು ನರಕ್ಕೆ ಗ್ಲೂಕೋಸ್ ಕೊಟ್ಟರು. ಅಂಜಿನಪ್ಪ ಕಣ್ಣು ಸರಿಯಾಗಿ ಬಿಟ್ಟು ಅವಳನ್ನು ಗುರುತು ಹಿಡಿದ.

"ಅಕ್ಕಾ, ನೀವು ಹೇಳ್ದಂಗೇ ತಗೊಂಡೆ. ಹನ್ನೆರಡಕ್ಕೆ ಕೂಗ್ತು, ತಗೊಂಡೆ."

"ಊಟ?"

"ಲಾರಿ ಹೋಗ್ಲಿ ಅಂದ್ರು ಸಾರು."

ಸುಧಾ ಅವನ ಫೋನು ತೆಗೆದು ನೋಡಿದಳು. ಬುಧವಾರದ ಮುಂದೆ 'ಮಧ್ಯಾಹ್ನದ ಪಾಳಿ' ಎಂದೇ ಇತ್ತು. ಬೆಳಗಿನ ಪಾಳಿಗೆ ಬಂದ ಮನುಷ್ಯನಿಗೆ ಹನ್ನೆರಡಕ್ಕೆ ತನ್ನ ದನಿ ಯಾಕೆ ಕೂಗಿತು ಎಂಬುದು ಅವಳಿಗೆ ಆ ಕ್ಷಣವೇ ತಿಳಿಯಿತು.

ಮೂರು ಗಂಟೆಗೆ ಮಾಲತೇಶ ಆಸ್ಪತ್ರೆಗೆ ಬಂದ. ವಿಷಯ ಮಾರಪ್ಪನ ಬಾಯಲ್ಲಿ ಕೇಳಿಯೇ ಬಂದಿದ್ದ. ಸುಧಾ ಅವನನ್ನು ವರಾಂಡಕ್ಕೆ ಕರೆದಳು.

"ಪಾಳಿ ಬದಲಿ ಮಾಡಿದ್ದು ನೀವೇನಾ?"

"ಹೂಂ."

"ಆಪಿನಾಗೆ ತುಂಬಿದ್ರಾ?"

"ತುಂಬಿದ್ದೆ... ನೆಟ್‌ವರ್ಕ್ ಇರ್ಲಿಲ್ಲೇನೋ, ಹೋಗಿಲ್ಲ ಅನ್ಸುತ್ತೆ."

ಸುಧಾ ಅವನ ಮುಖವನ್ನೇ ನೋಡಿದಳು. ಪಟ್ಟಿಯನ್ನು ಯಾರು ಯಾವಾಗ ಮುಟ್ಟಿದರೆಂದು ಅದರಲ್ಲೇ ಬರೆದಿರುತ್ತದೆ. ಕೊನೆಯ ಸಲ ಅದನ್ನು ಮುಟ್ಟಿದ್ದು ಭಾನುವಾರ. ಅವಳು ಅದನ್ನು ಆಗಲೇ ನೋಡಿದ್ದಳು. ಆದರೂ ಬೈಯಲಿಲ್ಲ. "ಒಳಗೆ ಅವರ ಹೆಂಡ್ತಿ ಕುಂತಾರೆ. ಹೋಗಿ ಮಾತಾಡ್ಸಿ ಬರ್ರಿ," ಎಂದಷ್ಟೇ ಹೇಳಿ ವಾರ್ಡಿಗೆ ಹೋದಳು. ತಾನು ಸುಳ್ಳು ಹೇಳಿದ್ದಕ್ಕಿಂತ ಅವಳು ಅದನ್ನು ಕೇಳಿಯೂ ಕೇಳದಂತೆ ಹೋದದ್ದು ಮಾಲತೇಶನಿಗೆ ಹೆಚ್ಚು ಚುಚ್ಚಿತು.

ಅಂಜಿನಪ್ಪನ ಹೆಂಡತಿ ಗಾದ್ರಮ್ಮ ಮಂಚದ ಪಕ್ಕ ಕೂತಿದ್ದಳು. ಮಾಲತೇಶನನ್ನು ಕಂಡು ಎದ್ದು ನಿಂತಳು. ಅವಳು ಎದ್ದು ನಿಂತದ್ದಕ್ಕೇ ಅವನಿಗೆ ಮೈ ಕುಗ್ಗಿತು.

"ಸಾರ್, ನಮ್ಮನೆಯವರು ಕುಡಿಯಂಗಿಲ್ಲ," ಎಂದಳು ಮೆಲ್ಲಗೆ. "ಮದುವೆ ಆಗಿ ಇಪ್ಪತ್ತೇಳು ವರ್ಷ ಆತು. ಒಂದಿನನೂ ಮುಟ್ಟಿಲ್ಲ. ನಮ್ಮಪ್ಪ ಕುಡ್ದು ಸತ್ತಿದ್ದು, ಅದಕ್ಕೇ ಕುಡಿಯದ ಮನುಷ್ಯನ್ನ ಹುಡುಕಿ ನಮ್ಮವ್ವ ನನ್ನ ಕೊಟ್ಟಿದ್ದು. ಈಗ ಊರಾಗೆ ಏನಂತಾರೆ ಗೊತ್ತೈತಾ? ಇಷ್ಟು ದಿನ ಮುಚ್ಚಿಟ್ಕೊಂಡಿದ್ದ, ಈಗ ಹೊರಗೆ ಬಿತ್ತು ಅಂತಾರೆ."

ಅಂಜಿನಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ. ಮಾಲತೇಶ "ಹುಷಾರಾಗ್ಲಿ, ಆಮೇಲೆ ನೋಡಾನ," ಎಂದು ಏನೋ ಗೊಣಗಿ ಹೊರಗೆ ಬಂದ. ಆ ಗುಳಿಗೆಯ ಪ್ರಭಾವ ಬಹಳ ಹೊತ್ತು ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು ಎಂದು ಡಾಕ್ಟರು ಅಂಜಿನಪ್ಪನನ್ನು ಮರುದಿನದವರೆಗೆ ಇರಿಸಿಕೊಂಡರು.

ಮನೆಗೆ ಬಂದ ಮಾಲತೇಶ ಆಪ್ ತೆರೆದ. ಬುಧವಾರವನ್ನು ಈಗ ಬದಲಾಯಿಸಿದರೆ ಹೇಗೆ ಎಂಬ ಯೋಚನೆ ಬಂತು. ಬೆರಳು ಅಲ್ಲಿಯವರೆಗೂ ಹೋಯಿತು. ತಾನು ಏನು ಮಾಡಲು ಹೊರಟಿದ್ದೇನೆಂದು ಹೊಳೆದಾಗ ಬೆರಳು ಹಿಂದಕ್ಕೆಳೆದುಕೊಂಡ. ಫೋನನ್ನು ಬೋರಲು ಹಾಕಿ ಕೂತ. ಸುಧಾ ಡ್ಯೂಟಿ ಮುಗಿಸಿ ಬಂದಾಗ ಚಪ್ಪಲಿ ಬಿಡುವ ಮೊದಲೇ ಹೇಳಿದ:

"ನಾನು ತುಂಬಿರ್ಲಿಲ್ಲ. ನೆಟ್‌ವರ್ಕ್ ಅಂದಿದ್ದು ಸುಳ್ಳು. ತಿನ್ನಾಕೆ ಬಿಡ್ರಿ ಅಂತ ಕೇಳ್ದಾಗ್ಲೂ ಬಿಡ್ಲಿಲ್ಲ."

"ಗೊತ್ತು," ಎಂದಳು ಸುಧಾ. "ನನ್ನ ದನಿ ಕೇಳಿ ಆ ಮನುಷ್ಯ ಗುಳಿಗೆ ನುಂಗಿದ. ನನಗೂ ಮುಖ ಎತ್ತಾಕೆ ಆಗ್ಲಿಲ್ಲ. ಊಟ ಎದುರಿಗೆ ಐತೋ ಇಲ್ಲೋ ಅಂತ ಕೇಳದಂಗೆ ಗುಳಿಗೆ ನುಂಗ್ರಿ ಅನ್ನೋ ಮಾತು ತುಂಬಿಸ್ದೋಳು ನಾನೇ ಅಲ್ವಾ."

ಮರುದಿನ ಮಾಲತೇಶ ಮೊದಲು ಮ್ಯಾನೇಜರ್ ತಿಪ್ಪೇರುದ್ರಸ್ವಾಮಿಯ ಕೋಣೆಗೆ ಹೋದ. ಅವರು ಎಲ್ಲ ಕೇಳಿ, "ಪುಸ್ತಕದಲ್ಲಿ ಆ ಸಾಲು ಹೊಡೆದು ಹಾಕು, ಮುಗೀತು. ಎಲ್ಲರ ಮುಂದೆ ಹೇಳಾಕೆ ಹೋಗಬೇಡ, ನಾಳೆ ನಿನ್ನ ಮಾತು ಯಾರೂ ಕೇಳಂಗಿಲ್ಲ," ಎಂದರು.

ಮಾಲತೇಶ ಸಾಲು ಹೊಡೆದು ಹಾಕಿದ. ಅದರ ಪಕ್ಕ 'ಗುಳಿಗೆ ತಗೊಂಡವನನ್ನು ಊಟಕ್ಕೆ ಬಿಡದ್ದರಿಂದ ಸಕ್ಕರೆ ಇಳಿದದ್ದು, ತಪ್ಪು ನನ್ನದು' ಎಂದು ಬರೆದ. ಮಧ್ಯಾಹ್ನ ಎರಡಕ್ಕೆ ಒಂದು ಪಾಳಿ ಹೊರಡುವಾಗ, ಇನ್ನೊಂದು ಒಳಬರುವಾಗ, ಗೇಟಿನ ಹತ್ತಿರ ನಿಂತು ಎಲ್ಲರನ್ನೂ ನಿಲ್ಲಿಸಿದ. ಅಂಜಿನಪ್ಪ ಕುಡಿದಿರಲಿಲ್ಲ ಎಂದ. ಪಾಳಿ ಬದಲಿಸಿ ಪಟ್ಟಿಯಲ್ಲಿ ತುಂಬದೆ ಬಿಟ್ಟದ್ದು ತಾನು, ಅದರಿಂದ ಫೋನು ತಪ್ಪು ಹೊತ್ತಿಗೆ ಕೂಗಿತು ಎಂದ. ಹಿಂದಿನ ಸಾಲಿನಲ್ಲಿ ಒಬ್ಬ, "ನಮ್ಮ ಫೋನಿನಾಗೆ ಇರೋದಾದ್ರೂ ಸರಿ ಐತಾ ಸಾರ್?" ಎಂದು ಕೇಳಿದ. ಮಾಲತೇಶ ಅಲ್ಲೇ ನಿಂತು, ಆಪ್ ಇದ್ದವರಲ್ಲಿ ಅಲ್ಲಿದ್ದವರೆಲ್ಲರ ಫೋನು ನೋಡಿದ. ಮತ್ತೊಂದು ತಪ್ಪು ಸಿಕ್ಕಿತು. ಅದೂ ಅವನದೇ, ಹೋದ ತಿಂಗಳಿನದು. ಆ ಮನುಷ್ಯನಿಗೆ ಏನೂ ಆಗಿರಲಿಲ್ಲ, ಅಷ್ಟೆ.

ಅಂದಿನಿಂದ ಪಟ್ಟಿಯಲ್ಲಿ ತುಂಬದೆ ಯಾರ ಪಾಳಿಯನ್ನೂ ಬದಲಿಸಬಾರದೆಂದು ಗೋಡೆಗೆ ಬರೆದು ಅಂಟಿಸಿದರು. ಸುಧಾ ತನ್ನ ಮಾತನ್ನು ಮತ್ತೆ ತುಂಬಿಸಿದಳು: "ಇವತ್ತು ಇದೇ ಪಾಳಿನಾ ನೋಡ್ಕೊಳ್ರಿ. ಊಟ ಎದುರಿಗಿದ್ರೆ ಮಾತ್ರ ಗುಳಿಗೆ."

ಶುಕ್ರವಾರ ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲಿ ಅಂಜಿನಪ್ಪನ ಹಳ್ಳಿಗೆ ಹೋದರು. ಅಂಜಿನಪ್ಪ ಪಡಸಾಲೆಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದ. ಮಾಲತೇಶ ಕೈ ಮುಗಿದ.

"ತಪ್ಪಾತು ಅಂಜಿನಪ್ನೋರೆ. ಗೇಟಿನಾಗೆ ಎಲ್ಲರ ಮುಂದೆ ಹೇಳೀನಿ."

ಅಂಜಿನಪ್ಪ ಕೈಯಲ್ಲಿದ್ದ ಶೇಂಗಾ ಬಿಡಿಸಿ ಮೊರಕ್ಕೆ ಹಾಕಿದ. "ಸಾರ್, ಫೋನಿಂದು ಬಿಡ್ರಿ, ಮರೆವು ಯಾರಿಗಿಲ್ಲ. ನೀವು ಒಂದ್ಸಲ ನನ್ನ ಬಾಯಿ ಮೂಸಿ ನೋಡಬಹುದಿತ್ತು. ಮಾರಪ್ಪ ನೋಡಿದ್ನಲ್ಲ. ಒಂಬತ್ತು ವರ್ಷದಿಂದ ನೋಡಿದೋರು ನೀವು."

ಗಾದ್ರಮ್ಮ ನೀರು ತಂದುಕೊಟ್ಟಳು. ಅವರು ಕುಡಿಯುವವರೆಗೆ ಕಾದು, "ಗೇಟಿನಾಗೆ ಹೇಳಿದ್ದು ಗೇಟಿನಾಗೇ ಉಳೀತು ಸಾರ್. ಇಲ್ಲೂ ಹೇಳ್ರಿ," ಎಂದಳು. ಎದುರು ಕಟ್ಟೆಯ ಮೇಲೆ ಆರೇಳು ಜನ ಕೂತು ಇತ್ತಲೇ ನೋಡುತ್ತಿದ್ದರು. ಅವರಲ್ಲಿ ಹಿರಿಯನಾದ ಮಲ್ಲೇಶಪ್ಪನೇ ಅಂಜಿನಪ್ಪ ಕುಡಿದನೆಂಬ ಮಾತನ್ನು ಮೊದಲು ಊರಿಗೆ ಹರಡಿದವನಂತೆ.

ಮಾಲತೇಶ ಸುಧಾಳ ಮುಖ ನೋಡಿದ. ಅವಳು ತಲೆ ತಗ್ಗಿಸಿಕೊಂಡಿದ್ದಳು, ಆದರೆ ಎದ್ದು ಅವನ ಜೊತೆ ಹೊರಟಳು. ಬೀದಿ ದಾಟುವುದಕ್ಕೆ ಹತ್ತು ಹೆಜ್ಜೆಯೂ ಇರಲಿಲ್ಲ. ಗೊತ್ತಿಲ್ಲದ ಜನರ ಮುಂದೆ, ತಾನು ಯಾರು, ಏನು ಮಾಡಿದೆ, ಯಾವ ಮಾತು ಅಂದೆ ಎಂದು ಮೊದಲಿನಿಂದ ಹೇಳಿದ. ಮಲ್ಲೇಶಪ್ಪ ಎಲೆಅಡಿಕೆ ಉಗಿದು ಬಂದು, "ಇನ್ನೊಂದ್ಸಲ ಹೇಳಪ್ಪ, ನನಗೆ ಕಿವಿ ಮಂದ," ಎಂದ.

ಮಾಲತೇಶ ಇನ್ನೊಂದು ಸಲ ಹೇಳಿದ, ಗಟ್ಟಿಯಾಗಿ. ಪಡಸಾಲೆಯಲ್ಲಿ ಅಂಜಿನಪ್ಪ ಶೇಂಗಾ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಸೋಮವಾರ ಅವನು ಕೆಲಸಕ್ಕೆ ಬಂದ. ಮಾಲತೇಶನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದ.