ವರ್ಷದ ಪ್ಲಾನು

ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಸಾಕು, ವಿಜಯಾಬಾಯಿಯ ಕಿವಿ ನೆಟ್ಟಗಾಗುತ್ತಿತ್ತು. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ವಾದೀಂದ್ರ ಮಾಸ್ತರರು ತಮ್ಮ ಆನ್‌ಲೈನ್ ಟ್ಯೂಷನ್ನಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದರು. ತಿಂಗಳಿಗೆ ಐನೂರು ರೂಪಾಯಿ ಎಂದಿನಂತೆ ಇರುತ್ತದೆ. ಆದರೆ ಮಾರ್ಚ್‌ವರೆಗಿನ ಹತ್ತು ತಿಂಗಳಿನದನ್ನು ಒಮ್ಮೆಲೇ ಕಟ್ಟುವವರಿಗೆ ಮೂರೂವರೆ ಸಾವಿರ. ನಡುವೆ ಬಿಟ್ಟರೆ, ಪಾಠ ಕೇಳಿದ ತಿಂಗಳಿಗೆ ಐನೂರರಂತೆ ಹಿಡಿದು ಉಳಿದದ್ದು ವಾಪಸ್.

ಸೊಪ್ಪು ಸೋಸುತ್ತಿದ್ದ ವಿಜಯಾಬಾಯಿ ಅದನ್ನು ಎರಡು ಸಲ ಓದಿದಳು. ಮೂರು ತಿಂಗಳು ಪುಕ್ಕಟೆ. ಯಾಕಂತೆ?

ಆಕೆಯದು ಅನುಭವದ ಅನುಮಾನ. ತೆಲಂಗಾಣದ ಗಡಿಯೂರು ಕೃಷ್ಣಾದ ಹೆಂಗಸರಿಗೆಲ್ಲ ಚೀಟಿ ನಡೆಸುತ್ತಿದ್ದವಳು ಆಕೆಯೇ. ಪ್ರತಿ ತಿಂಗಳು ಆಕೆಯ ಪಡಸಾಲೆಯಲ್ಲಿ ಚೀಟಿಯ ಪಾಟ, ಅಂದರೆ ಹರಾಜು, ಆಗುತ್ತಿತ್ತು. ಯಾರು ಹೆಚ್ಚು ಹಣ ಬಿಟ್ಟುಕೊಡಲು ಒಪ್ಪುತ್ತಾರೋ ಆ ತಿಂಗಳ ಗಂಟು ಅವರದು. ಅತಿ ಹೆಚ್ಚು ಬಿಟ್ಟುಕೊಡುವವರು ಹಣದ ಗರಜು ಅತಿ ಇದ್ದವರು, ಅವರ ಮೇಲೆ ಒಂದು ಕಣ್ಣಿಡಬೇಕು ಎಂಬುದು ಆಕೆ ಕಂಡುಕೊಂಡ ಲೆಕ್ಕ. ಹಿಂದೊಮ್ಮೆ ಮಕ್ತಲ್‌ನವಳೊಬ್ಬಳು ಹೀಗೇ ಧಾರಾಳವಾಗಿ ಬಿಟ್ಟುಕೊಟ್ಟು ಗಂಟು ಎತ್ತಿಕೊಂಡು ಹೋದವಳು ಮತ್ತೆ ಮುಖ ತೋರಿಸಿರಲಿಲ್ಲ. ಈಗ ಮಾಸ್ತರರೂ ಅದೇ ಪಾಟ ಕೂಗುತ್ತಿದ್ದಾರೆ ಎಂದು ಆಕೆಗೆ ಅನ್ನಿಸಿಬಿಟ್ಟಿತು.

ಹಾಗೆಂದು ಮಾಸ್ತರರನ್ನು ಬಿಡುವಂತೆಯೂ ಇರಲಿಲ್ಲ. ಮಗಳು ಶ್ರೀವಲ್ಲಿ ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಗಣಿತ ಎಂದರೆ ಹುಡುಗಿಗೆ ಹೊಟ್ಟೆನೋವು ಬರುತ್ತಿತ್ತು. ಟಿವಿಯಲ್ಲಿ ಜಾಹೀರಾತು ಕೊಡುವ ದೊಡ್ಡ ಕಂಪನಿಗಳೆಲ್ಲ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ತೆಲುಗಿನಲ್ಲಿ ಕಲಿಸುತ್ತಿದ್ದವು. ತೆಲಂಗಾಣದ ಪಠ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಈ ಸೀಮೆಯಲ್ಲಿ ಆಕೆಗೆ ಗೊತ್ತಿದ್ದಂತೆ ನಾರಾಯಣಪೇಟೆಯ ವಾದೀಂದ್ರ ಮಾಸ್ತರರೊಬ್ಬರೇ. ಹೋದ ವರ್ಷ ಅವರ ಕೈಯಲ್ಲಿ ಪಳಗಿ ಹುಡುಗಿ ಈಗೀಗ ಬೀಜಗಣಿತ ಎಂದರೆ ಓಡಿಹೋಗುತ್ತಿರಲಿಲ್ಲ.

ವಿಜಯಾಬಾಯಿ ಫೋನು ಹಚ್ಚಿದಳು.

"ಮಾಸ್ತರ, ಹಿಂಗ್ಯಾಕ ಒಮ್ಮಿಂದೊಮ್ಮಿಗೆ ಇಷ್ಟು ಅಗ್ಗ ಮಾಡಿದ್ರಿ?"

"ತಿಂಗಳಾ ತಿಂಗಳಾ ಯಾರು ಇರತಾರ, ಯಾರು ಬಿಡತಾರ ತಿಳಿಯಂಗಿಲ್ರಿ ಅಕ್ಕಾರ. ವರ್ಷದ್ದು ಒಂದಿಪ್ಪತ್ತೈದು ಮಂದಿ ಕಟ್ಟಿದ್ರ ನನಗೂ ನಿಶ್ಚಿಂತಿ. ಇದನ್ನ ನಂಬಿ ಕುಂದ್ರಬಹುದು."

"ಇಲ್ಲಾಂದ್ರ?"

"ನೋಡೋಣ್ರಿ," ಎಂದರು ಮಾಸ್ತರರು.

ಆ 'ನೋಡೋಣ' ವಿಜಯಾಬಾಯಿಯ ಅನುಮಾನವನ್ನು ಗಟ್ಟಿ ಮಾಡಿತು. ನೆಟ್ಟಗೆ ಉತ್ತರ ಕೊಡಲು ಆಗದವರ ಮಾತು ಅದು. ಮರುದಿನ ಸೀರೆ ತರುವ ನೆಪ ಹೇಳಿ ನಾರಾಯಣಪೇಟೆಗೆ ಹೊರಟಳು. ಸೀರೆಯಂಗಡಿಯ ಕಡೆ ತಲೆಯನ್ನೂ ಹಾಕಲಿಲ್ಲ. ಕೇಳಿಕೊಂಡು ನೇರ ಮಾಸ್ತರರ ಓಣಿಗೆ ಹೋದಳು. ಅವರು ಮನೆಯಲ್ಲಿರಲಿಲ್ಲ. ಮನೆಯ ಮಾಲೀಕ ನಾಗಯ್ಯ ಕಟ್ಟೆಯ ಮೇಲೆ ಕೂತಿದ್ದ. ಮಾತು ಸಿಕ್ಕರೆ ಸಾಕೆನ್ನುವ ಮನುಷ್ಯ.

"ಒಳ್ಳೆ ಮನಷ್ಯಾ ರೀ. ಆದ್ರ ಇರತಾನೋ ಹೋಗತಾನೋ ಗೊತ್ತಿಲ್ಲ. ಮೊನ್ನಿ ಗದ್ವಾಲದಿಂದ ಕೋಚಿಂಗ್ ಸೆಂಟರಿನವರು ಕಾರಿನ್ಯಾಗ ಬಂದಿದ್ರು. ತಾಸುಗಟ್ಟಲೆ ಮಾತಾಡಿದ್ರು."

ಅಷ್ಟು ಸಾಕಿತ್ತು. ವಿಜಯಾಬಾಯಿ ಬರಿಗೈಯಲ್ಲಿ ವಾಪಸ್ ಬಂದಳು, ಆದರೆ ಸುದ್ದಿ ಕೈತುಂಬ ಇತ್ತು. ಅದೇ ವಾರ ಚೀಟಿ ಪಾಟಕ್ಕೆ ಕೂಡಿದ್ದ ಹೆಂಗಸರ ಮುಂದೆ ಎಲ್ಲವನ್ನೂ ಸುರಿದಳು. ಅವರಲ್ಲಿ ಹೆಚ್ಚಿನವರ ಮಕ್ಕಳೂ ಅದೇ ಟ್ಯೂಷನ್ನಿನವರು.

"ಗಂಟು ತಗೊಂಡು ಗದ್ವಾಲಕ್ಕ ಹೋಗೋ ಆಟ ಇದು. ಹೊಂಟ ಮಂದಿನಾ ಹಿಂಗ ಬಿಟ್ಟುಕೊಡೋದು. ತಿಂಗಳ ತಿಂಗಳ ಕಟ್ರಿ. ಹೋದ್ರ ಐನೂರು ಹೋಗತಾವ."

ಚೀಟಿ ನಡೆಸುವವಳೇ ಹೇಳಿದ ಮೇಲೆ ಯಾರು ಎದುರಾಡುತ್ತಾರೆ? ಗುರುಲಿಂಗಮ್ಮ ಎಂಬಾಕೆ ಆಗಲೇ ಹಣ ಕಳಿಸಲು ಫೋನು ತೆಗೆದವಳು ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಮಾತು ಅಲ್ಲಿಂದ ಮಕ್ತಲ್‌ಗೆ, ನೆಂಟರಿಷ್ಟರ ಬಾಯಲ್ಲಿ ಮಿಕ್ಕ ಊರುಗಳಿಗೂ ಹೋಯಿತು. ಚೀಟಿಯವರಲ್ಲೇ ಒಬ್ಬಳಾದ ವೀರಬಸಮ್ಮ ಮಾತ್ರ ಕೇಳಲಿಲ್ಲ. "ನನ್ನ ಮಗ ತಿಂಗಳಾ ರೊಕ್ಕ ಕೇಳಿದ್ರ ನಮ್ಮವರು ತಿಂಗಳಾ ಬೈತಾರ. ಒಮ್ಮೆ ಬೈಸಿಕೊಂಡು ಮುಗಸ್ತೀನಿ," ಎಂದು ವರ್ಷದ್ದು ಕಟ್ಟಿಬಿಟ್ಟಳು. ವಿಜಯಾಬಾಯಿ ಆಕೆಯನ್ನು ಕನಿಕರದಿಂದ ನೋಡಿದಳು.

ಪಾಠ ನಡೆಯಿತು. ವಿಜಯಾಬಾಯಿಯ ಕಾವಲೂ ನಡೆಯಿತು. ಮಗಳ ಹೆಗಲ ಮೇಲೆ ಬಾಗಿ ಮೊಬೈಲಿನ ಪರದೆಯಲ್ಲಿ ಮಾಸ್ತರರ ಬೆನ್ನ ಹಿಂದಿನ ಗೋಡೆಯನ್ನೇ ನೋಡುವಳು. ಪುಸ್ತಕದ ಕಪಾಟು ಇದೆಯೇ, ಗಂಟುಮೂಟೆ ಕಟ್ಟಿದ್ದಾರೆಯೇ?

"ಅವ್ವಾ, ಅತ್ತ ಸರಿ. ಲೆಕ್ಕ ಕಾಣಂಗಿಲ್ಲ," ಎಂದು ಶ್ರೀವಲ್ಲಿ ರೇಗುವಳು.

ಅಕ್ಟೋಬರ್‌ನಲ್ಲಿ ದಸರಾ ರಜೆ ಬಂತು. ಅರ್ಧ ತಿಂಗಳು ಮಕ್ಕಳು ಅಜ್ಜಿಯ ಊರಿನಲ್ಲಿರುವಾಗ ಪೂರ್ತಿ ಐನೂರು ಯಾಕೆ ಕೊಡಬೇಕೆಂದು ತಿಂಗಳ ಪ್ಲಾನಿನವರಲ್ಲಿ ಹೆಚ್ಚಿನವರು ಆ ತಿಂಗಳು ಕಟ್ಟಲಿಲ್ಲ. ವಿಜಯಾಬಾಯಿಯೂ ಕಟ್ಟಲಿಲ್ಲ. ಕಟ್ಟದಿರುವ ಸ್ವಾತಂತ್ರ್ಯಕ್ಕಾಗಿಯೇ ಅಲ್ಲವೇ ತಿಂಗಳ ಪ್ಲಾನು? ಮಾಸ್ತರರು ಮಾತ್ರ ಇದ್ದ ಕೆಲವೇ ಮಕ್ಕಳಿಗೆ ಪಾಠ ಮಾಡಿದರು; ಆ್ಯಪಿನ ಬಾಡಿಗೆ, ಇಂಟರ್ನೆಟ್ಟು, ಮನೆ ಬಾಡಿಗೆ ಯಾವುದಕ್ಕೂ ದಸರಾ ರಜೆ ಇರಲಿಲ್ಲ. ನವೆಂಬರ್‌ನಲ್ಲಿ ಮರಳಿ ಬಂದವರು ಅರ್ಧದಷ್ಟು ಜನ. ತ್ರಿಕೋನಮಿತಿ ಆಗಲೇ ಶುರುವಾಗಿಹೋಗಿತ್ತು, ನಡುವೆ ಪಾಠ ತಪ್ಪಿಸಿಕೊಂಡ ಮಕ್ಕಳಿಗೆ ತಲೆಬುಡ ತಿಳಿಯಲಿಲ್ಲವೆಂದು ಇನ್ನಷ್ಟು ಜನ ಬಿಟ್ಟರು.

ನವೆಂಬರ್ ಮುಗಿಯುವ ಹೊತ್ತಿಗೆ ಗುಂಪಿನಲ್ಲಿ ಸಂದೇಶ ಬಂತು. ಡಿಸೆಂಬರ್‌ನಿಂದ ಪಾಠ ಇರುವುದಿಲ್ಲ, ಕ್ಷಮಿಸಿ ಎಂದು.

ವಿಜಯಾಬಾಯಿ ಅದನ್ನೂ ಎರಡು ಸಲ ಓದಿದಳು; ಮಗಳ ಪರೀಕ್ಷೆಯ ಚಿಂತೆ ಹತ್ತಿತು. ಒಳಗೆಲ್ಲೋ ಒಂದು ಚೂರು ಹಿಗ್ಗೂ ಆಯಿತೆನ್ನುವುದನ್ನು ಮುಚ್ಚಿಡುವುದೇಕೆ? ನಾನು ಹೇಳಿರಲಿಲ್ಲವೇ! ನೆಟ್ಟಗೆ ವೀರಬಸಮ್ಮನ ಮನೆಗೆ ನಡೆದಳು.

"ಮುಳುಗಿತಲ್ಲೇನು ನಿನ್ನ ರೊಕ್ಕ?"

"ಯಾಕ ಮುಳುಗತೈತಿ? ಮುಂಜಾನೆನಾ ವಾಪಸ್ ಹಾಕ್ಯಾರ. ಉಳಿದ ನಾಕು ತಿಂಗಳಿಂದು ಹದಿನಾಕನೂರು."

"ಹದಿನಾಕನೂರು ಹೆಂಗ? ತಿಂಗಳಿಗೆ ಐನೂರು ಹಿಡಿದ್ರ ನಿನಗ ಐನೂರಾ ಬರಬೇಕಿತ್ತು."

"ನಾನೂ ಅದನ್ನಾ ಕೇಳಿದೆ. 'ನೀವು ಬಿಟ್ರ ಆ ಲೆಕ್ಕ, ನಾ ಬಿಟ್ರ ಮುನ್ನೂರೈವತ್ತರ ಲೆಕ್ಕ' ಅಂದ್ರು." ವೀರಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಗದ್ವಾಲದವರು ಜೂನಿನ್ಯಾಗ ನೌಕರಿ ಕೊಡತೀವಂತ ಕಾರು ತಗೊಂಡು ಬಂದಿದ್ರಂತ. ತೆಲುಗು ಮೀಡಿಯಂ ಮಕ್ಕಳಿಗೆ ಕಲಸಾಕ. ವರ್ಷದ ಪ್ಲಾನಿಗೆ ಇಪ್ಪತ್ತೈದು ಮಂದಿ ಬಂದ್ರ ಆ ನೌಕರಿ ಬ್ಯಾಡ ಅನ್ನಬೇಕಂತ ಮಾಸ್ತರರು ಮಾಡಿದ್ರಂತ. ಬಂದವರು ನಾಕಾ ಮಂದಿ. ಆದ್ರೂ ಮಾಸ್ತರರು ಇಷ್ಟು ದಿನ ತಡಕೊಂಡ್ರು. ಈಗ ಗದ್ವಾಲದವರಿಗೆ ಹೂಂ ಅಂದಾರ."

ವಿಜಯಾಬಾಯಿ ಅಲ್ಲಿಯೇ ಬಾಗಿಲಲ್ಲಿ ನಿಂತು ಮಾಸ್ತರರಿಗೆ ಫೋನು ಹಚ್ಚಿದಳು.

"ಮಾಸ್ತರ, ಮಾರ್ಚ್ ತನಕಾ ಪೂರಾ ಈಗಾ ಕಟ್ಟತೀನ್ರಿ. ಐನೂರರ ಲೆಕ್ಕಾನಾ ಹಿಡೀರಿ. ಮಂದಿನೂ ನಾನಾ ಕೂಡಸ್ತೀನಿ."

"ನಾಳಿಂದ ಡ್ಯೂಟಿ ಐತ್ರಿ ಅಕ್ಕಾರ. ಮಾತು ಕೊಟ್ಟೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು. "ಶ್ರೀವಲ್ಲಿಗೆ ತ್ರಿಕೋನಮಿತಿ ಒಂದು ಸ್ವಲ್ಪ ನೋಡಿಕೊಳ್ಳಾಕ ಹೇಳ್ರಿ. ಅಕ್ಟೋಬರಿನ್ಯಾಗ ತಪ್ಪೈತಿ ಆಕಿಗೆ."

ಮನೆಗೆ ಬಂದರೆ ಶ್ರೀವಲ್ಲಿ ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅಳುತ್ತಿರಲಿಲ್ಲ. ತಾಯಿಯ ಮುಖ ನೋಡಿ ಏನೂ ಕೇಳಲೂ ಇಲ್ಲ. ಮಗಳು ಜಗಳವಾಡಲಿ, ಬೈಯಲಿ ಎಂದು ವಿಜಯಾಬಾಯಿ ಕಾದಳು.

ಸಂಜೆ ಚೀಟಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಡಸಾಲೆ ತುಂಬಿದರು. ಎಲ್ಲರ ಬಾಯಲ್ಲೂ ಹೊಗಳಿಕೆ. ಗುರುಲಿಂಗಮ್ಮನಂತೂ ಆಕೆಯ ಕೈಯನ್ನೇ ಹಿಡಿದುಕೊಂಡಳು.

"ನಿನ್ನ ಮಾತು ಕೇಳಿ ಬಚಾವಾದ್ವಿ ನೋಡವಾ. ಅಂವ ಹೋಗತಾನಂತ ಜೂನಿನ್ಯಾಗಾ ಹೇಳಿದ್ದಿ. ನೀ ಹೇಳಿದಂಗಾ ಆತು!"

ಒಳಗಿನ ಕೋಣೆಯಲ್ಲಿ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು.

"ತಾನಾಗೇ ಆಗಲಿಲ್ಲ ಗುರುಲಿಂಗಮ್ಮ," ಎಂದಳು ವಿಜಯಾಬಾಯಿ, ಕೈ ಬಿಡಿಸಿಕೊಳ್ಳುತ್ತ. "ನಾನಾ ಮಾಡಿದೆ."