ಏಳು ನಲವತ್ತರ ಲಾಗಿನ್

ಆ ದೊಡ್ಡ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿದ ಮೇಲೆ ಒಂದು ಕೋಣೆ ಇದೆ. ಅಲ್ಲಿಗೆ ರೋಗಿಗಳು ಹೋಗುವುದಿಲ್ಲ, ಡಾಕ್ಟರರೂ ಹೋಗುವುದಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದ ಹಾಗೆ ಕಾವಲು ಕಾಯುವವರು ಅಲ್ಲಿ ಕೂರುತ್ತಾರೆ. ಯಾರಾದರೂ ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ, ಎಂದೂ ಕಾಣದ ಊರಿನಿಂದ ಯಾರದೋ ಮೇಲ್ ತೆರೆದರೆ, ಮುಚ್ಚಿದ ಖಾತೆಯನ್ನು ಒಮ್ಮೆ ತಟ್ಟಿದರೂ, ಪರದೆಯ ಮೇಲೆ ಒಂದು ಅಲರ್ಟ್ ಏಳುತ್ತದೆ. ನೂರರಲ್ಲಿ ತೊಂಬತ್ತು ಅಲರ್ಟುಗಳಿಗೆ ಕಾರಣ ಮರೆವು, ಇಲ್ಲವೇ ದಪ್ಪ ಬೆರಳು. ಉಳಿದ ಹತ್ತಕ್ಕೋಸ್ಕರ ಸಂಬಳ.

ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ ಅಲ್ಲಿ ಕೂರುವವಳು ಪುಟ್ಟಿ. ವಯಸ್ಸು ಮೂವತ್ತೆರಡಾದರೂ ಮನೆಯವರು ಇಟ್ಟ ಹೆಸರು ಮೈಗೆ ಅಂಟಿಕೊಂಡುಬಿಟ್ಟಿತ್ತು. ಎರಡು ಗಂಟೆಗೆ ಅವಳ ಕುರ್ಚಿಗೆ ಬರುವವರು ಮೇಷ್ಟ್ರು. ಹಿಂದೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು, ನಲವತ್ತು ದಾಟಿದ ಮೇಲೆ ಈ ವಿದ್ಯೆ ಕಲಿತು ಬಂದವರು. ಇಬ್ಬರ ನಡುವೆ ದಿನಾ ಒಂದು ಹ್ಯಾಂಡೋವರ್ ನೋಟ್ ಕೈ ಬದಲಾಗುತ್ತಿತ್ತು. ಯಾವ ಅಲರ್ಟ್ ಇನ್ನೂ ತೆರೆದಿದೆ, ಯಾವ ತನಿಖೆ ಅರ್ಧಕ್ಕೆ ನಿಂತಿದೆ, ಯಾರ ಉತ್ತರಕ್ಕೆ ಕಾಯುತ್ತಿದ್ದೇವೆ, ಮುಂದಿನವರು ಮಾಡಬೇಕಾದದ್ದೇನು, ಇಷ್ಟೂ ಅದರಲ್ಲಿರಬೇಕು. ನೋಟಿನಲ್ಲಿ ಬರೆಯದ ವಿಷಯ ಮುಂದಿನ ಶಿಫ್ಟಿನ ಪಾಲಿಗೆ ನಡೆದೇ ಇಲ್ಲ.

ಪುಟ್ಟಿಯ ನೋಟು ಅಚ್ಚುಕಟ್ಟು. ಆದರೆ ಮೂರು ತಿಂಗಳಿಂದ ಅದರ ಬಾಲದಲ್ಲಿ ಒಂದು ಸಾಲು ಕದಲದೆ ಕೂತಿತ್ತು: ‘ಕೆಲಸ ಬಿಟ್ಟ ನೌಕರರೊಬ್ಬರ ಮುಚ್ಚಿದ ಖಾತೆ. ದಿನಕ್ಕೆ ಒಂದು ವಿಫಲ ಲಾಗಿನ್. ಅಪಾಯವಿಲ್ಲ. ನಾನು ನಿಗಾ ಇಟ್ಟಿದ್ದೇನೆ, ಬೇರೆಯವರು ಏನೂ ಮಾಡಬೇಕಾಗಿಲ್ಲ.’ ಮೇಷ್ಟ್ರು ಮೊದಮೊದಲು ಕೇಳಿದ್ದರು. ಅವಳು ಏನೋ ಕುಂಟು ನೆಪ ಹೇಳಿದಳು. ಆಮೇಲೆ ಅವರೂ, ರಾತ್ರಿ ಶಿಫ್ಟಿನವನೂ ಆ ಸಾಲನ್ನು ಎತ್ತಿ ಮರುದಿನದ ನೋಟಿಗೆ ಅಂಟಿಸುತ್ತ ಹೋದರು. ಈ ಕಸುಬಿನವರ ದೊಡ್ಡ ರೋಗವೇ ಇದು. ಮೂರು ಸಲ ನಕಲಾದ ಸಾಲನ್ನು ನಾಲ್ಕನೆಯ ಸಲ ಯಾರೂ ಓದುವುದಿಲ್ಲ.

ಆ ಖಾತೆ ಅವಳ ಅಣ್ಣನದು.

ಅಣ್ಣ ಇದೇ ಆಸ್ಪತ್ರೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದ. ಎರಡು ವರ್ಷದ ಹಿಂದೆ ಅಮ್ಮನ ಹೃದಯದ ಕವಾಟ ಕೆಟ್ಟಾಗ, ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದವನು ಅವನೇ. ಅಮ್ಮ ಟೇಬಲ್ಲಿನಿಂದ ಏಳಲಿಲ್ಲ. ಅದಾಗಿ ಹದಿನೈದು ದಿನಕ್ಕೆ ಅಪ್ಪ, ಊಟದ ತಟ್ಟೆಯ ಮುಂದೆ ಕೂತಿದ್ದ ಮಗನಿಗೆ, ನಿನ್ನ ಹಟವೇ ಅವಳನ್ನು ಕೊಂದಿತು ಅಂದರು. ಅಣ್ಣ ತಲೆ ಎತ್ತಿ ನೋಡಿದ್ದು ಅಪ್ಪನನ್ನಲ್ಲ, ಬಾಗಿಲ ಬಳಿ ನೀರಿನ ಚೊಂಬು ಹಿಡಿದು ನಿಂತಿದ್ದ ತಂಗಿಯನ್ನು. ಆಪರೇಷನ್ನಿನ ಒಪ್ಪಿಗೆಗೆ ಅವಳೂ ತಲೆಯಾಡಿಸಿದ್ದಳು. ಒಂದು ಮಾತು ಆಡಬಹುದಿತ್ತು. ಬಾಯಿಗೆ ಬೀಗ ಬಿದ್ದಂತೆ ನಿಂತಳು. ಅವನು ಕೈ ತೊಳೆದು ಎದ್ದ, ವಾರದಲ್ಲಿ ಕೆಲಸ ಬಿಟ್ಟ, ಊರು ಬಿಟ್ಟ, ಫೋನ್ ನಂಬರನ್ನೂ ಬದಲಿಸಿದ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಏಳು ನಲವತ್ತಕ್ಕೆ ಅವನ ಮುಚ್ಚಿದ ಖಾತೆಗೆ ಯಾರೋ ಲಾಗಿನ್ ಆಗಲು ಪ್ರಯತ್ನಿಸಿದ ಅಲರ್ಟ್ ಎದ್ದಿತು. ಪುಟ್ಟಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಮರುದಿನವೂ ಅದೇ ಹೊತ್ತು. ಹಳೆಯ ಫೋನಿನಲ್ಲಿ ಮರೆತುಬಿಟ್ಟ ಮೇಲ್ ಆ್ಯಪ್ ಆಗಿದ್ದರೆ ಹಗಲೂ ರಾತ್ರಿ ಕಾಲು ಗಂಟೆಗೊಮ್ಮೆ ಬಾಗಿಲು ಬಡಿಯುತ್ತಿತ್ತು. ಇದು ದಿನಕ್ಕೆ ಒಂದೇ ಸಲ, ಫೋನಿನ ಬ್ರೌಸರಿನಿಂದ, ಕೈಯಿಂದ ಟೈಪ್ ಮಾಡಿದ್ದು. ಡ್ಯೂಟಿಗೆ ಇಳಿಯುವ ಮುಂಚೆ ಅಣ್ಣ ಮೇಲ್ ನೋಡುತ್ತಿದ್ದದ್ದು ಸರಿಯಾಗಿ ಏಳು ನಲವತ್ತಕ್ಕೆ. ಬೆಳಗಿನ ಪಾಳಿಯಲ್ಲಿ ಕೂರುವವಳು ತಂಗಿ ಎನ್ನುವುದೂ ಅವನಿಗೆ ಗೊತ್ತು.

ಬದುಕಿದ್ದಾನೆ. ಎಲ್ಲೋ ಎದ್ದು, ಮುಖ ತೊಳೆದು, ನನ್ನನ್ನು ನೆನೆಸಿಕೊಂಡಿದ್ದಾನೆ. ಅವಳಿಗೆ ಇಷ್ಟು ಸಾಕಾಯಿತು. ಏಳು ಮೂವತ್ತೈದಕ್ಕೇ ಕಾಫಿ ಲೋಟ ಪಕ್ಕಕ್ಕಿಟ್ಟು ಕಾಯುವಳು. ಪರದೆಯ ಮೇಲೆ ಅವನ ಲಾಗಿನ್ನಿನ ಸಾಲು ಬಿದ್ದರೆ ದಿನವಿಡೀ ಮೈ ಹಗುರ. ಐದು ನಿಮಿಷ ತಡವಾದರೆ ಜ್ವರವೋ, ಬಿದ್ದನೋ ಎಂದು ಜೀವ ಹಿಡಿಯಾಗುತ್ತಿತ್ತು.

ನಿಯಮದ ದಾರಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸಿಬ್ಬಂದಿ ವಿಭಾಗಕ್ಕೆ ಒಂದು ಚೀಟಿ ಕಳಿಸಿದರೆ, ಕೆಲಸದ ಅನುಭವ ಪತ್ರಕ್ಕಾಗಿ ಅವನು ಕೊಟ್ಟುಹೋದ ನಂಬರಿಗೆ ಅವರು ಫೋನ್ ಮಾಡಿ ಕಾರಣ ಕೇಳುತ್ತಾರೆ. ಆಮೇಲೆ ಅಣ್ಣ ನಿಲ್ಲಿಸುತ್ತಾನೆ. ಇರುವ ಒಂದೇ ಎಳೆಯನ್ನು ತಾನೇ ಕತ್ತರಿಸಲು ಅವಳಿಗೆ ಕೈ ಬರಲಿಲ್ಲ. ರಜೆಯ ದಿನ ಬೇರೆ ಯಾರಾದರೂ ಚುರುಕಾಗಿ ಚೀಟಿ ಕಳಿಸಿಬಿಟ್ಟಾರು ಎಂಬ ಹೆದರಿಕೆಗೆ, ಆ ಲಾಗಿನ್ ಬರುತ್ತಿದ್ದ ಇಂಟರ್ನೆಟ್ ವಿಳಾಸವನ್ನೇ ಮ್ಯೂಟ್ ಮಾಡಿದಳು. ಅಲ್ಲಿಂದ ಏನು ಬಂದರೂ ದಾಖಲಾಗುತ್ತದೆ, ಅಲರ್ಟ್ ಏಳುವುದಿಲ್ಲ. ತಾನು ದಾಖಲೆಯಲ್ಲಿ ಹುಡುಕಿ ನೋಡಿಕೊಳ್ಳುವಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಆದರೆ ಅದು ಮೊಬೈಲ್ ಕಂಪನಿಯೊಂದರ ವಿಳಾಸ. ಅಂಥ ಒಂದು ವಿಳಾಸದ ಹಿಂದೆ ಸಾವಿರಾರು ಫೋನುಗಳು ಇರುತ್ತವೆ. ವಠಾರಕ್ಕೆಲ್ಲ ಒಂದೇ ಮುಂಬಾಗಿಲು ಇದ್ದ ಹಾಗೆ. ಹೊಸಬರಿಗೆ ಮೊದಲ ವಾರ ಪುಟ್ಟಿಯೇ ಹೇಳಿಕೊಡುವ ಪಾಠ ಇದು.

ಎಂಬತ್ತಮೂರನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಔಷಧ ಉಗ್ರಾಣದ ಗುಮಾಸ್ತೆ ಫೋನ್ ಮಾಡಿದಳು. ಬೆಳಗಿನಿಂದ ತನಗೆ ಒಂದೇ ಒಂದು ಮೇಲ್ ಬಂದಿಲ್ಲ ಎಂಬ ದೂರು. ಪುಟ್ಟಿ ಖಾತೆ ತೆರೆದು ನೋಡಿದಳು. ಬಂದ ಮೇಲನ್ನೆಲ್ಲ ಹೊರಗಿನ ಯಾರಿಗೋ ಕಳಿಸಿ ಇಲ್ಲಿ ಅಳಿಸಿಹಾಕುವ ಒಂದು ನಿಯಮವನ್ನು ಒಳಗೆ ಕೂರಿಸಿದ್ದರು. ಒಂಬತ್ತು ಗಂಟೆಗೆ ಯಾರೋ ಆ ಖಾತೆಗೆ ಲಾಗಿನ್ ಆಗಿದ್ದರು. ಬಂದ ವಿಳಾಸ ಅವಳಿಗೆ ಬಾಯಿಪಾಠವಾಗಿದ್ದದ್ದೇ. ಹಿಂದಿನ ಸಂಜೆಯಿಂದ ಅಲ್ಲಿಂದಲೇ ಅರವತ್ತೊಂದು ಖಾತೆಗಳ ಮೇಲೆ ಒಂದೇ ಪಾಸ್‌ವರ್ಡನ್ನು ನಿಧಾನವಾಗಿ ಹಾಕಿ ನೋಡಿದ್ದರು. ಅಲರ್ಟ್ ಮಾತ್ರ ಎದ್ದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮಾಡಬೇಕಾದದ್ದನ್ನು ಮಾಡಿದಳು. ಕಳ್ಳನನ್ನು ಖಾತೆಯಿಂದ ಹೊರಹಾಕಿ, ಪಾಸ್‌ವರ್ಡ್ ಬದಲಿಸಿ, ಆ ನಿಯಮದ ನಕಲು ಇಟ್ಟುಕೊಂಡು ಕಿತ್ತುಹಾಕಿ, ವಿಳಾಸವನ್ನು ತಡೆದು, ಮುಖ್ಯಸ್ಥರಿಗೆ ಫೋನ್ ಮಾಡಿದಳು. ಅವರು ಈ ಆಸ್ಪತ್ರೆಗೆ ಹೊಸಬರು. ದಾಖಲೆ ತೆರೆಸಿ ನೋಡಿದವರೇ, ಅದೇ ವಿಳಾಸದಿಂದ ಮೂರು ತಿಂಗಳಿಂದ ಹಳೆಯ ನೌಕರನೊಬ್ಬ ಬಾಗಿಲು ಬಡಿಯುತ್ತಿದ್ದಾನಲ್ಲ, ಕಳ್ಳ ಇವನೇ, ನೋಟಿನಲ್ಲಿ ಹೆಸರು ಹಾಕಿಡು, ನಾಳೆ ಪೊಲೀಸರಿಗೆ ಕೊಡೋಣ ಅಂದರು.

ನೋಟು ಬರೆಯಲು ಇನ್ನು ಮುಕ್ಕಾಲು ಗಂಟೆ ಇತ್ತು. ಅಣ್ಣ ಅಲ್ಲ ಎನ್ನುವುದಕ್ಕೆ ಪುರಾವೆ ದಾಖಲೆಯಲ್ಲೇ ಇದೆ ಎಂದು ಅವಳಿಗೆ ಗೊತ್ತಿತ್ತು. ತಾನೇ ಅದನ್ನು ಹೆಕ್ಕಿ ಬರೆದು, ತಾನು ಯಾರೆಂದು ಹೇಳದೆ, ಅವನನ್ನು ಬಿಡಿಸಿಬಿಡಬಹುದಿತ್ತು. ಆದರೆ ನಾಳೆ ನಾಡಿದ್ದು ಯಾರಿಗಾದರೂ ಗೊತ್ತಾದರೆ, ತಂಗಿ ಬರೆದ ಪುರಾವೆ ಅಣ್ಣನಿಗೆ ಉರುಳಾಗುತ್ತದೆ. ಹೇಳಿಬಿಟ್ಟರೆ ಈ ತನಿಖೆ ಅವಳ ಕೈತಪ್ಪುತ್ತದೆ, ಕೆಲಸವೂ ಹೋಗಬಹುದು. ಹಿಂದೊಮ್ಮೆ ಬಾಗಿಲ ಬಳಿ ಸುಮ್ಮನೆ ನಿಂತು ಅವನನ್ನು ಕಳೆದುಕೊಂಡಿದ್ದಳು. ಇನ್ನೊಮ್ಮೆ ಸುಮ್ಮನಿರಲು ಅವಳಿಂದ ಆಗಲಿಲ್ಲ.

ಬರೆದಳು: ‘ಮುಚ್ಚಿದ ಖಾತೆಯ ಬಳಕೆದಾರ ನನ್ನ ಸ್ವಂತ ಅಣ್ಣ. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಖಾತೆಯನ್ನಲ್ಲ, ಇಡೀ ವಿಳಾಸವನ್ನೇ ಮ್ಯೂಟ್ ಮಾಡಿದವಳು ನಾನು. ಇವತ್ತಿನ ದಾಳಿ ತಡವಾಗಿ ಕಂಡಿದ್ದು ಅದರಿಂದ. ಮ್ಯೂಟ್ ತೆಗೆದಿದ್ದೇನೆ. ಈ ತನಿಖೆಯನ್ನು ನಾನು ಮುಟ್ಟಬಾರದು. ಬಾಕಿ: ಎರಡೂ ಲಾಗಿನ್‌ಗಳ ಬ್ರೌಸರ್ ಒಂದೇ ಹೌದೋ ಅಲ್ಲವೋ ನೋಡುವುದು. ಅರವತ್ತೊಂದು ಖಾತೆಗಳ ಮೇಲೆ ಬೇರೆ ವಿಳಾಸಗಳಿಂದಲೂ ಪ್ರಯತ್ನ ಆಗಿದೆಯೇ ಹುಡುಕುವುದು. ಹಳೆಯ ನೌಕರನನ್ನು ಸಿಬ್ಬಂದಿ ವಿಭಾಗದ ಮೂಲಕ ವಿಚಾರಿಸುವುದು.’

ಮೇಷ್ಟ್ರು ಬಂದರು, ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು. ತಾವೂ ಎಂಬತ್ತು ಸಲ ಆ ಸಾಲನ್ನು ಕಣ್ಣು ಮುಚ್ಚಿ ಅಂಟಿಸಿದವರು ಎನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು.

“ಎದ್ದೇಳಮ್ಮ ಕುರ್ಚಿಯಿಂದ,” ಅಂದರು. “ಇನ್ಮೇಲೆ ಇದು ನನ್ನ ಕೆಲಸ. ಅಣ್ಣನ ಪರ ನೋಡಲ್ಲ, ವಿರೋಧನೂ ನೋಡಲ್ಲ. ಲೆಕ್ಕ ಮಾತ್ರ ನೋಡ್ತೀನಿ.”

ಮರುದಿನ ಬೆಳಿಗ್ಗೆ ಪುಟ್ಟಿ ಪಾಳಿಗೆ ಬಂದಳು. ಅಲರ್ಟ್ ಮ್ಯೂಟ್ ಮಾಡುವ ಅಧಿಕಾರವನ್ನು ಮುಖ್ಯಸ್ಥರು ಕಿತ್ತುಕೊಂಡಿದ್ದರು, ಕುರ್ಚಿ ಉಳಿದಿತ್ತು. ಈ ತನಿಖೆಯ ದಾಖಲೆ ಹುಡುಕುವ ಹಕ್ಕು ಈಗ ಅವಳಿಗೆ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಮ್ಯೂಟ್ ಹೋದ ಮೇಲೆ, ಅಣ್ಣ ಯಾವ ವಿಳಾಸದಿಂದ ಬಂದರೂ ಅಲರ್ಟ್ ತಾನಾಗಿ ಏಳಬೇಕು. ಏಳು ನಲವತ್ತಾಯಿತು. ಏಳು ಐವತ್ತಾಯಿತು. ಎಂಟು ಗಂಟೆಗೆ ಎಕ್ಸ್‌ರೇ ವಿಭಾಗದವನೊಬ್ಬ ಪಾಸ್‌ವರ್ಡ್ ಮರೆತದ್ದಕ್ಕೆ ಒಂದು ಅಲರ್ಟ್ ಎದ್ದಿತು. ಅಣ್ಣನ ಅಲರ್ಟ್ ಬರಲೇ ಇಲ್ಲ. ಅಮ್ಮ ಹೋದ ಮರುದಿನ ಅಡುಗೆಮನೆ ಇಷ್ಟೇ ಖಾಲಿಯಾಗಿತ್ತು.

ಮೇಷ್ಟ್ರು ಆವತ್ತು ಅರ್ಧ ಗಂಟೆ ಮುಂಚೆಯೇ ಬಂದರು. ತನಿಖೆ ಮುಗಿದಿತ್ತು. ದಾಳಿ ಮಾಡಿದ್ದು ಒಂದು ಪ್ರೋಗ್ರಾಂ. ಅದೇ ಅರವತ್ತೊಂದು ಖಾತೆಗಳನ್ನು ಹಿಂದಿನ ವಾರ ಬೇರೆ ನಾಲ್ಕು ವಿಳಾಸಗಳಿಂದ, ಅಲರ್ಟ್ ಏಳದಷ್ಟು ಚೂರುಚೂರಾಗಿ ತಡಕಾಡಿತ್ತು. ಅಣ್ಣನ ಖಾತೆ ಆ ಪಟ್ಟಿಯಲ್ಲೇ ಇರಲಿಲ್ಲ, ಬ್ರೌಸರೂ ಬೇರೆ. ಮುಖ್ಯಸ್ಥರು ಒಪ್ಪಿದ್ದಾರೆ, ಪೊಲೀಸರ ಮಾತು ಇನ್ನಿಲ್ಲ ಅಂದರು.

ಅವಳು ಉಸಿರು ಬಿಟ್ಟಳು. ಮೇಷ್ಟ್ರು ಮಾತ್ರ ಇನ್ನೂ ಕೂತಿದ್ದರು. ಸಿಬ್ಬಂದಿ ವಿಭಾಗದಾಕೆ ನಿನ್ನೆ ಸಂಜೆ ಅವನಿಗೆ ಫೋನ್ ಮಾಡಿದ್ದಳಂತೆ. ಹೌದು, ನಾನೇ, ಇನ್ನು ಮಾಡುವುದಿಲ್ಲ ಎಂದು ಮರ್ಯಾದೆಯಿಂದ ಹೇಳಿದನಂತೆ.

“ಇನ್ನೇನಾದ್ರೂ ಕೇಳಿದ್ನಾ?” ಅಂದಳು ಪುಟ್ಟಿ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಒಂದು ಮಾತು ಕೇಳಿದ್ನಂತೆ. ‘ಮೂರು ತಿಂಗಳಿಂದ ಯಾರೂ ನೋಡ್ಲೇ ಇಲ್ವಾ?’ ಅಂತ. ನಮ್ಮ ಗಮನಕ್ಕೆ ಬಂದಿದ್ದು ಇವತ್ತೇ ಅಂದಳಂತೆ ಆಕೆ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಸರಿ ಅಂತ ಫೋನ್ ಇಟ್ಟನಂತೆ.”

ಪುಟ್ಟಿಗೆ ಈಗ ಅರ್ಥವಾಯಿತು. ಎಂಬತ್ತಮೂರು ಬೆಳಿಗ್ಗೆ ಅವನು ಬಾಗಿಲು ತಟ್ಟಿದ್ದು, ಒಳಗಿರುವವಳು ‘ಯಾರು?’ ಎಂದಾದರೂ ಕೇಳಲಿ ಎಂದು. ಒಳಗಿರುವವಳು ತಟ್ಟುವ ಸದ್ದನ್ನೇ ಪ್ರೀತಿಯೆಂದು ಕೇಳಿಸಿಕೊಳ್ಳುತ್ತ ಕೂತಿದ್ದಳು. ಮೊದಲ ದಿನವೇ ಒಂದು ಚೀಟಿ ಕಳಿಸಿದ್ದರೆ ಸಾಕಿತ್ತು, ಆ ಫೋನೇ ಉತ್ತರವಾಗುತ್ತಿತ್ತು. ಎಳೆ ಕಡಿದೀತೆಂದು ಹೆದರಿ ಅವಳು ಎಳೆಯ ತನ್ನ ಕಡೆಯ ತುದಿಯನ್ನು ಹಿಡಿಯಲೇ ಇಲ್ಲ.

ಪಾಳಿ ಮುಗಿಸಿ ಅವಳು ಸಿಬ್ಬಂದಿ ವಿಭಾಗಕ್ಕೆ ಇಳಿದಳು. ನಂಬರ್ ಕೊಡಲು ಬರುವುದಿಲ್ಲ ಎಂದಳು ಆಕೆ. ಮನೆಯವರ ಪತ್ರವಾದರೆ ಒಂದು ಸಲ ತಲುಪಿಸಬಹುದು, ಉತ್ತರ ಬರುತ್ತದೆಂದು ಮಾತ್ರ ಹೇಳಲಾರೆ. ಪುಟ್ಟಿ ಕಾಗದ ಇಸಿದುಕೊಂಡು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಅಮ್ಮನ ಬಗ್ಗೆ, ಅಪ್ಪನ ಬಗ್ಗೆ, ಚೊಂಬು ಹಿಡಿದು ನಿಂತದ್ದರ ಬಗ್ಗೆ ಬರೆಯಬೇಕಾದದ್ದು ಬೇಕಾದಷ್ಟಿತ್ತು. ಬರೆದದ್ದು ಇಷ್ಟೇ.

‘ಅಣ್ಣಾ, ಒಂದು ದಿನವೂ ತಪ್ಪಿಸದೆ ನೋಡಿದ್ದೇನೆ. ನೋಡಿದೆ ಅಂತ ಹೇಳಲಿಲ್ಲ. ಆಪರೇಷನ್ನಿಗೆ ನಾನೂ ಹೂಂ ಅಂದಿದ್ದೆ, ಅದನ್ನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಪುಟ್ಟಿ.’

ಕೆಳಗೆ ತನ್ನ ಫೋನ್ ನಂಬರ್ ಬರೆದು, ಅಂಕಿಗಳನ್ನು ಎರಡು ಸಲ ಓದಿ ನೋಡಿ, ಕಾಗದವನ್ನು ಆಕೆಯ ಕೈಗೆ ಕೊಟ್ಟಳು.