ಹನ್ನೊಂದು ಪುಟಕ್ಕೆ ಒಂಬತ್ತು ಸಾಲು

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಅವಳು ನೇಮಕಾತಿ ನೋಡಿಕೊಳ್ಳುತ್ತಿದ್ದಳು. ಸೋಮವಾರ ಬೆಳಿಗ್ಗೆ ಅವಳಿಗೆ ಬಂದ ಮೇಲ್ ಹನ್ನೊಂದು ಪುಟವಿತ್ತು, ಜೊತೆಗೆ ಮೂವತ್ತೊಂದು ಲಗತ್ತುಗಳು. ಬರೆದವನು ಎದುರಾಳಿ ಕಂಪನಿಯೊಂದರಲ್ಲಿ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್. ಅವಳ ಕಂಪನಿ ಕೆಲಸಕ್ಕೆ ಅರ್ಜಿ ಕರೆದಿರಲಿಲ್ಲ, ಅಂಥ ಹುದ್ದೆ ಖಾಲಿಯೂ ಇರಲಿಲ್ಲ. ಆದರೂ ಕೆಲಸ ಕೇಳಿ, ಹೈಸ್ಕೂಲಿನ ಓಟದ ಬಹುಮಾನದಿಂದ ಹಿಡಿದು ಮೇಲಿನವರು ತನ್ನನ್ನು ಕಡೆಗಣಿಸಿದ ಹದಿನಾಲ್ಕು ವರ್ಷಗಳವರೆಗೆ ಒಂದನ್ನೂ ಬಿಡದೆ ಬರೆದಿದ್ದ.

ಅವಳು ಪೂರ್ತಿ ಓದಿದಳು. ಅರ್ಧದಲ್ಲಿ ನಗು ಬಂತು, ಕೊನೆಗೆ ಬರುವಷ್ಟರಲ್ಲಿ ಅದು ನಿಂತಿತ್ತು. ಲಗತ್ತುಗಳಲ್ಲಿ ಅಂಕಪಟ್ಟಿ, ಸಂಬಳದ ಚೀಟಿ, ಗುರುತಿನ ಚೀಟಿ, ಲಸಿಕೆ ಹಾಕಿಸಿಕೊಂಡ ಪತ್ರ ಎಲ್ಲ ಇದ್ದವು. ಇಪ್ಪತ್ತೆಂಟನೆಯದನ್ನು ತೆರೆದಾಗ ಒಂದು ನಕ್ಷೆ ಕಂಡಿತು. ಮೂಲೆಯಲ್ಲಿ ಎದುರಾಳಿ ಕಂಪನಿಯ ಗುರುತು, ಅದರ ಕೆಳಗೆ ‘ಗೋಪ್ಯ’ ಎಂಬ ಮುದ್ರೆ. ತಕ್ಷಣ ಮುಚ್ಚಿದಳು. ಉಳಿದ ಮೂರರ ಹೆಸರುಗಳೂ ಅದೇ ಬಗೆಯವು. ಒಂದಂತೂ ಅವಳ ಕಂಪನಿಯೂ ಹಾಕಲಿದ್ದ ಟೆಂಡರಿನ ದರಪಟ್ಟಿ.

ತಪ್ಪು ಮಾಡಿದ್ದು ಆಮೇಲೆ. ಕ್ಯಾಂಟೀನಿನಲ್ಲಿ ಗೆಳತಿಗೆ ಬಾಯಿತಪ್ಪಿ ಹೇಳಿಬಿಟ್ಟಳು. “ಊರುದ್ದ ಬರೆದಿದ್ದಾನೆ ಕಣೇ. ಸಾಲದ್ದಕ್ಕೆ ಅವರ ಕಂಪನಿ ಬ್ರೇಕಿನ ನಕ್ಷೆ, ಟೆಂಡರ್ ದರಪಟ್ಟಿ ಎಲ್ಲ ಹಾಕಿದ್ದಾನೆ, ಪುಣ್ಯಾತ್ಮ.”

ಹಿಂದಿನ ಮೇಜಿನಲ್ಲಿ ಮಾರಾಟ ವಿಭಾಗದ ಮುಖ್ಯಸ್ಥರು ಕೂತಿದ್ದರು. ಆಫೀಸಿನಲ್ಲಿ ಅವರಿಗೆ ಬೆಲ್ಲ ಎಂದು ಅಡ್ಡಹೆಸರು. ಮಾತು ಅಷ್ಟು ಸಿಹಿ.

ಅವಳು ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ಬೆಲ್ಲ ಅಲ್ಲಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು.

“ಯಜಮಾನರ ಕಾಲು ಹೇಗಿದೆ ಈಗ?”

“ಇನ್ನೂ ಊರುಗೋಲಿದೆ ಸರ್.” ಬಸ್ ಓಡಿಸುವ ಅವಳ ಗಂಡ ಕಾಲು ಮುರಿದುಕೊಂಡು ಮೂರು ತಿಂಗಳಿಂದ ಮನೆಯಲ್ಲಿದ್ದ.

“ಪಾಪ. ನಿಮ್ಮ ಕೆಲಸದ ಕಾಂಟ್ರಾಕ್ಟ್ ಮುಂದುವರಿಸೋದು ಮುಂದಿನ ತಿಂಗಳು ನಮ್ಮ ಸಮಿತಿ ಮುಂದೆ ಬರುತ್ತಲ್ವಾ? ನಾನಿದ್ದೀನಿ ಬಿಡಿ.” ದನಿ ತಗ್ಗಿಸಿದರು. “ಆ ಮೇಲ್ ನನಗೆ ಕಳಿಸಿಬಿಡಮ್ಮ. ಟೆಂಡರ್ ಶುಕ್ರವಾರ.”

“ಅದು ಅವರ ಕಂಪನೀದು ಸರ್.”

“ನಾವೇನು ಕನ್ನ ಹಾಕಿ ತಂದ್ವಾ? ಅವನೇ ತಂದು ಸುರಿದಿದ್ದು. ಒಂದು ಚಂದದ ಉತ್ತರ ಬರಿ. ನಿಮ್ಮ ಅನುಭವ ನೋಡಿ ಸಂತೋಷ ಆಯ್ತು, ಸಂದರ್ಶನಕ್ಕೆ ಬನ್ನಿ, ಮಿಕ್ಕ ಕೆಲಸದ ಮಾದರಿಗಳನ್ನೂ ತನ್ನಿ ಅಂತ.”

“ಹುದ್ದೇನೇ ಇಲ್ವಲ್ಲ ಸರ್.”

“ಕರೆಯೋಕೆ ಹುದ್ದೆ ಯಾಕೆ? ಮಧ್ಯಾಹ್ನ ಮೂರರೊಳಗೆ ಕಳಿಸು.” ಅವರು ಮೇಜನ್ನು ಎರಡು ಸಲ ಮೆಲ್ಲಗೆ ತಟ್ಟಿ ಎದ್ದು ಹೋದರು.

ಅವಳ ಮೇಲಧಿಕಾರಿ ರಜೆಯಲ್ಲಿದ್ದರು. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು. ಕಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಮನೆಯ ಬಾಡಿಗೆ, ಗಂಡನ ಮದ್ದು, ಮಗಳ ಶಾಲೆ ಎಲ್ಲ ಈಗ ಅವಳೊಬ್ಬಳ ಹೆಗಲ ಮೇಲಿದ್ದವು. ಅಳಿಸಿ ಸುಮ್ಮನಾಗೋಣ ಎಂದೂ ಅನ್ನಿಸಿತು. ಕೊನೆಗೆ ಎದ್ದು, ಮೆಟ್ಟಿಲಿಳಿದು, ಕಾನೂನು ವಿಭಾಗದ ವಕೀಲೆಯ ಬಾಗಿಲು ತಟ್ಟಿದಳು.

ವಕೀಲೆ ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು. “ಎಷ್ಟು ನೋಡಿದ್ರಿ?”

“ಒಂದು ನಕ್ಷೆ, ಮೊದಲ ಪುಟ. ಮುದ್ರೆ ಕಂಡು ಮುಚ್ಚಿದೆ.”

“ಇನ್ನು ಮುಟ್ಟಬೇಡಿ. ಯಾರಿಗೂ ಕಳಿಸಬೇಡಿ. ಅಳಿಸಲೂ ಬೇಡಿ, ಈಗ ಅಳಿಸಿದ್ರೆ ನೋಡಿ ಬಚ್ಚಿಟ್ಟ ಹಾಗೆ ಕಾಣುತ್ತೆ. ಕಂಪ್ಯೂಟರ್ ವಿಭಾಗದವರು ಅದನ್ನ ನಿಮ್ಮ ಮೇಲ್ ಪೆಟ್ಟಿಗೆಯಿಂದ ತೆಗೆದು ಬೇರೆ ಕಡೆ ಬೀಗ ಹಾಕಿಡ್ತಾರೆ. ಏನು ಬಂತು, ಯಾವಾಗ ಬಂತು, ಯಾರು ಕೇಳಿದ್ರು, ಎಲ್ಲ ನನಗೆ ಬರೆದುಕೊಡಿ.”

“ಯಾರು ಕೇಳಿದ್ರು ಅನ್ನೋದನ್ನೂ?”

“ಅದನ್ನೂ.”

ಅವಳು ಬರೆದುಕೊಟ್ಟಳು. ಆಮೇಲೆ ಅವನಿಗೆ ಉತ್ತರ ಬರೆಯಲು ಕೂತಳು. ನೇಮಕಾತಿಯವರ ಬಳಿ ಇಂಥದ್ದಕ್ಕೆ ಸಿದ್ಧ ಪತ್ರವೊಂದು ಇದ್ದೇ ಇರುತ್ತದೆ. ಇಲ್ಲಿ ಅದು ಒಗ್ಗಲಿಲ್ಲ. ನಾಲ್ಕು ಸಲ ಬರೆದು ಅಳಿಸಿದ ಮೇಲೆ ಉಳಿದದ್ದು ಇಷ್ಟು:

“ನಮಸ್ಕಾರ. ಸಮಯ ಮಾಡಿಕೊಂಡು ಬರೆದಿದ್ದಕ್ಕೆ ಧನ್ಯವಾದಗಳು. ನಿಮ್ಮ ಪತ್ರವನ್ನು ಪೂರ್ತಿ ಓದಿದ್ದೇನೆ. ನಿಮ್ಮ ಅನುಭವಕ್ಕೆ ಹೊಂದುವ ಹುದ್ದೆ ಸದ್ಯ ನಮ್ಮಲ್ಲಿಲ್ಲ. ಖಾಲಿಯಾದಾಗ ವೆಬ್‌ಸೈಟಿನಲ್ಲಿ ಪ್ರಕಟಿಸುತ್ತೇವೆ, ಆಗ ಎರಡು ಪುಟದ ಪರಿಚಯಪತ್ರ ಒಂದೇ ಸಾಕು. ಗುರುತಿನ ಚೀಟಿ, ಸಂಬಳದ ಚೀಟಿಗಳನ್ನು ಕೇಳದೆ ಯಾರಿಗೂ ಕಳಿಸಬೇಡಿ. ಲಗತ್ತುಗಳಲ್ಲಿ ನಾಲ್ಕು ನಿಮ್ಮ ಈಗಿನ ಸಂಸ್ಥೆಯವು ಎಂದು ತೋರುತ್ತದೆ. ಅವನ್ನು ನಾವು ಬಳಸಿಲ್ಲ, ಬಳಸುವುದೂ ಇಲ್ಲ. ನಮ್ಮ ಕಾನೂನು ವಿಭಾಗ ಅವನ್ನು ಪ್ರತ್ಯೇಕವಾಗಿ ಇರಿಸಿದೆ. ದಯವಿಟ್ಟು ಬೇರೆಲ್ಲಿಗೂ ಕಳಿಸಬೇಡಿ. ನಿಮಗೆ ಒಳ್ಳೆಯದಾಗಲಿ.”

ವಕೀಲೆ ಓದಿ ತಲೆಯಾಡಿಸಿದರು. ಎರಡೂವರೆಗೆ ಉತ್ತರ ಹೋಯಿತು. ಮೂರಕ್ಕೆ ಬೆಲ್ಲ ಬಂದರು.

“ಕಾನೂನಿನವರ ಹತ್ರ ಇದೆ ಸರ್,” ಎಂದಳು.

ಅವರು ಅವಳನ್ನೇ ನೋಡಿದರು. ಸಿಹಿ ಎಲ್ಲ ಎಲ್ಲಿ ಇಂಗಿತೋ. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎಳೆದುಕೊಂಡ್ರಿ,” ಎಂದಷ್ಟೇ ಹೇಳಿ ಹೊರಟರು.

ಅದೇ ಹೊತ್ತಿಗೆ ಮೇಜಿನ ಫೋನ್ ಬಡಿದುಕೊಂಡಿತು. ಅದೇ ಎಂಜಿನಿಯರ್.

“ಮೇಡಂ, ನಾನು ಹನ್ನೊಂದು ಪುಟ ಬರೆದೆ. ನೀವು ಒಂಬತ್ತು ಸಾಲು ಬರೆದಿದ್ದೀರಿ.”

“ಪೂರ್ತಿ ಓದಿದೆ ಸರ್. ನೀವು ವಿನ್ಯಾಸ ಮಾಡಿದ ಎರಡನೇ ಲಿಫ್ಟಿನ ಸದ್ದು ಕಡಿಮೆ ಮಾಡೋಕೆ ನಲವತ್ತು ರಾತ್ರಿ ಅಲ್ಲೇ ಮಲಗಿದ್ದೆ ಅಂತ ಬರೆದಿದ್ದು ನೆನಪಿದೆ.”

“ಇರೋದೆಲ್ಲ ಹಾಕಿಬಿಡಿ, ಕೆಲಸ ನೋಡಿದ್ರೆ ತಾನೇ ಬೆಲೆ ಗೊತ್ತಾಗೋದು ಅಂದಳು ನನ್ನ ಹೆಂಡ್ತಿ. ಅದು ನಾನು ಬಿಡಿಸಿದ ನಕ್ಷೆ ಮೇಡಂ.”

“ಬಿಡಿಸಿದ್ದು ನೀವೇ, ಒಪ್ಪಿದೆ. ಆದರೆ ಅದು ಕಂಪನೀದು. ಇನ್ನೆಲ್ಲಿಗಾದರೂ ಕಳಿಸಿದ್ದೀರಾ?”

“ಇನ್ನೂ ಮೂರು ಕಡೆ. ಒಬ್ಬರು ಅರ್ಧ ಗಂಟೇಲೇ ಫೋನ್ ಮಾಡಿದ್ರು. ಬುಧವಾರ ಬನ್ನಿ, ಉಳಿದ ನಕ್ಷೆಗಳನ್ನೂ ತನ್ನಿ ಅಂದ್ರು. ನನ್ನ ಯೋಗ್ಯತೆ ಯಾರಿಗೋ ಕಂಡಿತಲ್ಲ ಅಂತ...”

ಬೆಲ್ಲ ಅವಳಿಂದ ಬರೆಸಲು ನೋಡಿದ್ದ ಮಾತುಗಳೇ ಅವು.

“ನಾನು ವಕೀಲೆಯಲ್ಲ ಸರ್. ಒಬ್ಬ ವಕೀಲರನ್ನ ಇವತ್ತೇ ನೋಡಿ. ನನ್ನನ್ನ ಕೇಳಿದ್ರೆ, ಆ ಮೂವರಿಗೂ ಬಳಸಬೇಡಿ ಅಂತ ಈಗಲೇ ಬರೀರಿ. ನಿಮ್ಮವರಿಗೆ ಬೇರೆಯವರಿಂದ ಗೊತ್ತಾಗೋ ಮುಂಚೆ ನೀವೇ ಹೇಳಿ.”

“ಕೆಲಸ ಹೋಗುತ್ತೆ.”

“ಹೋಗಬಹುದು,” ಎಂದಳು. ಸುಳ್ಳು ಸಮಾಧಾನ ಹೇಳಲು ನಾಲಗೆ ಏಳಲಿಲ್ಲ.

ನಾಲ್ಕು ದಿನ ಸುದ್ದಿಯಿರಲಿಲ್ಲ. ಫೋನ್ ಬಡಿದಾಗಲೆಲ್ಲ ಅವಳು ಬೆಚ್ಚುತ್ತಿದ್ದಳು. ಶುಕ್ರವಾರ ಟೆಂಡರ್ ಬೇರೆಯವರ ಪಾಲಾಯಿತು. ಶನಿವಾರ ಎರಡೇ ಸಾಲಿನ ಮೇಲ್ ಬಂತು: ಅವನು ತಾನಾಗಿ ಹೋಗಿ ಹೇಳಿದ್ದ. ಕೆಲಸ ಉಳಿದಿತ್ತು, ಆದರೆ ಲಿಖಿತ ಎಚ್ಚರಿಕೆ ಕೊಟ್ಟು, ವಿನ್ಯಾಸದಿಂದ ತೆಗೆದು, ಒಂದು ವರ್ಷ ಬಿಡಿಭಾಗದ ಉಗ್ರಾಣಕ್ಕೆ ಹಾಕಿದ್ದರು. ಬುಧವಾರದ ಸಂದರ್ಶನಕ್ಕೆ ಅವನು ಹೋಗಿರಲಿಲ್ಲ.

ಮರುವಾರ ಮೇಲಧಿಕಾರಿ ರಜೆ ಮುಗಿಸಿ ಬಂದರು. ಅವರ ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದು ಅವಳು ಬರೆದುಕೊಟ್ಟಿದ್ದು, ಇನ್ನೊಂದು ‘ಸಹಕರಿಸುವ ಗುಣವಿಲ್ಲ’ ಎಂದು ಬೆಲ್ಲ ಬರೆದ ದೂರು. ಎರಡನ್ನೂ ಓದಿ ದೂರನ್ನು ಬದಿಗಿಟ್ಟರು.

“ಸಮಿತಿಯಲ್ಲಿ ನಾನು ಮಾತಾಡ್ತೀನಿ. ಏನಾಗುತ್ತೋ ಗೊತ್ತಿಲ್ಲ,” ಎಂದರು. “ಆದರೆ ಒಂದು ಹೇಳಿ, ಈ ವಿಷಯ ಮಾರಾಟದವರ ಕಿವಿಗೆ ಬಿದ್ದಿದ್ದು ಹೇಗೆ?”

“ನನ್ನ ಬಾಯಿಂದಲೇ ಮೇಡಂ,” ಎಂದಳು ಅವಳು.

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಅದನ್ನೂ ಇದರಲ್ಲಿ ಬರೀರಿ,” ಎಂದು ಮೊದಲ ಕಾಗದವನ್ನು ಅವಳತ್ತ ಸರಿಸಿದರು. ಅವಳು ನಿಂತಲ್ಲೇ ಬರೆದು ಸಹಿ ಹಾಕಿದಳು.